ಏಳು ತಂಡಗಳ ಲೀಗ್: ಖಾಲಿ ಕುರ್ಚಿಯನ್ನು ಎಲ್ಲಿಡಬೇಕು?

ಚಿತ್ರದುರ್ಗದ ಸಂಘಟಕರ ಪ್ರಶ್ನೆ

ನಮ್ಮ ಜಿಲ್ಲೆಯ ಆರು ತಾಲ್ಲೂಕುಗಳ ವಾಲಿಬಾಲ್ ತಂಡಗಳ ಜೊತೆಗೆ ದಾವಣಗೆರೆಯ ಒಂದು ತಂಡವೂ ಸೇರಿ ಏಳಾಗಿವೆ. ಪ್ರತಿ ಭಾನುವಾರ ಒಂದು ಸುತ್ತು ನಡೆಯಬೇಕು, ಎಲ್ಲರಿಗೂ ತಮ್ಮ ಊರಿನಲ್ಲಿ ಅಂಗಳವಿದೆ. ಯಾವ ತಂಡವೂ ಮೇಲಿಂದ ಮೇಲೆ ಪ್ರಯಾಣ ಮಾಡುವಂತಾಗಬಾರದು. ವೃತ್ತ ವಿಧಾನದಲ್ಲಿ ವೇಳಾಪಟ್ಟಿ ಹಾಕಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಿ.

ಚಳ್ಳಕೆರೆಯ ಯುವಕ ಸಂಘದ ಕಾರ್ಯದರ್ಶಿ

ಸರ್, ಇದು ಕಷ್ಟವೇನಲ್ಲ. ಏಳು ತಂಡಗಳ ಜೊತೆಗೆ ಎಂಟನೆಯದಾಗಿ "ಬೈ" ಎಂದು ಬರೆದುಕೊಳ್ಳಿ. ಮೇಲಿನ ಸಾಲಿನಲ್ಲಿ 1, 2, 3, 4, ಅದರ ಕೆಳಗೆ 8, 7, 6, 5 ಬರೆದರೆ ಮೇಲೆ ಕೆಳಗೆ ಎದುರಾದವರಿಗೆ ಆ ವಾರದ ಪಂದ್ಯ. ಮುಂದಿನ ವಾರ 1ನ್ನು ಅಲ್ಲೇ ಬಿಟ್ಟು ಉಳಿದ ಏಳನ್ನೂ ಒಂದೊಂದು ಸ್ಥಾನ ಸರಿಸಿ. ಬೈ ಎದುರಿಗೆ ಬಂದ ತಂಡಕ್ಕೆ ಆ ವಾರ ಬಿಡುವು. ಏಳು ವಾರಗಳಲ್ಲಿ 21 ಪಂದ್ಯಗಳೂ ಮುಗಿಯುತ್ತವೆ. ಮೇಲಿನ ಸಾಲಿನವರು ತಮ್ಮ ಊರಿನಲ್ಲಿ ಆಡಲಿ, ಕೆಳಗಿನ ಸಾಲಿನವರು ಪ್ರಯಾಣ ಮಾಡಲಿ.

ಹಿರಿಯೂರಿನ ಒಬ್ಬರು

ಬೈ ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ನಮ್ಮಲ್ಲಿ ಹಿಂದಿನ ವರ್ಷ ಗೆದ್ದ ತಂಡಕ್ಕೆ ಬೈ ಕೊಟ್ಟು ನೇರವಾಗಿ ಎರಡನೇ ಸುತ್ತಿಗೆ ಕಳುಹಿಸುತ್ತೇವೆ, ಉಳಿದವರು ಚೀಟಿ ಎತ್ತುತ್ತಾರೆ. ಹೊಸದಾಗಿ ಸೇರಿದ ತಂಡಕ್ಕೆ ಬೈ ಕೊಟ್ಟರೆ ಹಳೆಯ ತಂಡಗಳು ಒಪ್ಪುವುದಿಲ್ಲ.

ದಾವಣಗೆರೆಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು

ಹಿರಿಯೂರಿನವರು ಹೇಳಿದ್ದು ನಾಕೌಟ್ ಪಂದ್ಯಾವಳಿಗೆ ಸರಿಹೋಗುತ್ತದೆ. ಅಲ್ಲಿ ಬೈ ಸಿಕ್ಕವರು ಆಡದೆಯೇ ಮುಂದೆ ಹೋಗುವುದರಿಂದ ಅದೊಂದು ಲಾಭ. ಲೀಗ್‌ನಲ್ಲಿ ಪ್ರತಿ ತಂಡವೂ ಒಂದು ಬಾರಿ ಬಿಡುವು ಪಡೆದೇ ತೀರುತ್ತದೆ, ಅದರಿಂದ ಅಂಕವೇನೂ ಬರುವುದಿಲ್ಲ, ಆದ್ದರಿಂದ ಯಾರಿಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಚಳ್ಳಕೆರೆಯ ಕಾರ್ಯದರ್ಶಿಗಳ ಜೋಡಣೆ ಸರಿಯಾಗಿದೆ, ಒಂದು ಪಂದ್ಯವೂ ತಪ್ಪುವುದಿಲ್ಲ. ಆದರೆ ಅವರ ಕೊನೆಯ ಮಾತನ್ನು ಪಾಲಿಸಿದರೆ 1ನೇ ತಂಡ ಮೇಲಿನ ಸಾಲಿನಿಂದ ಕದಲುವುದೇ ಇಲ್ಲವಾದ್ದರಿಂದ ಅದರ ಆರೂ ಪಂದ್ಯಗಳು ಅದರ ಊರಿನಲ್ಲೇ ನಡೆಯುತ್ತವೆ, ಉಳಿದವರು ಕೆಳಗಿನ ಸಾಲಿಗೆ ಇಳಿದರೆ ಮತ್ತೆ ಮೇಲೇರುವವರೆಗೆ ವಾರದ ಮೇಲೆ ವಾರ ಬಸ್ಸಿನಲ್ಲೇ ಇರುತ್ತಾರೆ. ನಿಜವಾದ ತಂಡವೊಂದನ್ನು ಒಂದು ಕಡೆ ನಿಲ್ಲಿಸಿರುವುದೇ ಇದಕ್ಕೆ ಕಾರಣ. ತಂಡಗಳ ಸಂಖ್ಯೆ ಬೆಸವಾಗಿದ್ದಾಗ ಕದಲದೆ ನಿಲ್ಲಬೇಕಾದದ್ದು ಖಾಲಿ ಕುರ್ಚಿ; ಏಳು ತಂಡಗಳೂ ತಿರುಗಬೇಕು.

ಒಂದು ಹಾಳೆಯ ನೆತ್ತಿಯಲ್ಲಿ "ಬಿಡುವು" ಎಂದು ಬರೆದು, ಅದರ ಕೆಳಗೆ ಒಂದು ಸ್ಥಾನ, ಅಲ್ಲಿಂದ ಬಲಕ್ಕೆ ಮೂರು ಮತ್ತು ಎಡಕ್ಕೆ ಮೂರು ಸ್ಥಾನಗಳನ್ನು ಕೆಳಮುಖವಾಗಿ ಗುರುತು ಮಾಡಿಕೊಳ್ಳಿ. ನೆತ್ತಿಯ ಸ್ಥಾನದಲ್ಲಿ 1, ಬಲಗಡೆ ಮೇಲಿನಿಂದ 2, 3, 4, ಎಡಗಡೆ ಮೇಲಿನಿಂದ 7, 6, 5. ಒಂದೇ ಮಟ್ಟದಲ್ಲಿ ಎದುರುಬದುರಾದವರು ಆಡುತ್ತಾರೆ, ನೆತ್ತಿಯಲ್ಲಿರುವವರು ವಿಶ್ರಮಿಸುತ್ತಾರೆ. ಮುಂದಿನ ವಾರ ಬಲಗಡೆಯವರು ಒಂದು ಮೆಟ್ಟಿಲು ಏರುತ್ತಾರೆ, ನೆತ್ತಿಯಲ್ಲಿದ್ದವರು ಎಡಕ್ಕೆ ಇಳಿಯುತ್ತಾರೆ, ಎಡಗಡೆಯವರು ಒಂದು ಮೆಟ್ಟಿಲು ಕೆಳಗೆ ಬರುತ್ತಾರೆ, ಎಡಗಡೆಯ ತಳದಲ್ಲಿದ್ದವರು ಬಲಗಡೆಯ ತಳಕ್ಕೆ ದಾಟುತ್ತಾರೆ.

ಇನ್ನು ಯಾರ ಊರಿನಲ್ಲಿ ಪಂದ್ಯ ಎಂಬುದು. ಮೊದಲನೆಯ ಮಟ್ಟದಲ್ಲಿ ಬಲಗಡೆಯವರು ಆತಿಥೇಯರು, ಎರಡನೆಯ ಮಟ್ಟದಲ್ಲಿ ಎಡಗಡೆಯವರು, ಮೂರನೆಯದರಲ್ಲಿ ಮತ್ತೆ ಬಲಗಡೆಯವರು. ಒಂದು ತಂಡದ ಜೊತೆಯಲ್ಲೇ ಸುತ್ತು ಹಾಕಿ ನೋಡಿ: ಬಲಗಡೆಯ ತಳದಲ್ಲಿ ಊರು, ನಡುವೆ ಪ್ರಯಾಣ, ಮೇಲೆ ಊರು, ನೆತ್ತಿಯಲ್ಲಿ ಬಿಡುವು, ಎಡಗಡೆ ಇಳಿಯುವಾಗ ಪ್ರಯಾಣ, ಊರು, ಪ್ರಯಾಣ, ಅಲ್ಲಿಂದ ಬಲಕ್ಕೆ ದಾಟಿದೊಡನೆ ಮತ್ತೆ ಊರು. ಬಿಡುವಿನ ವಾರ ನಡುವೆ ಬಂದರೂ ಸರದಿ ಕೆಡುವುದಿಲ್ಲ, ಪ್ರತಿ ತಂಡಕ್ಕೂ ಊರಿನಲ್ಲಿ ಮೂರು, ಹೊರಗೆ ಮೂರು ಪಂದ್ಯ ಬರುತ್ತವೆ. ಸಮ ಸಂಖ್ಯೆಯ ಲೀಗ್‌ನಲ್ಲಿ ಇಷ್ಟು ನಿರ್ದೋಷವಾದ ಸರದಿಯನ್ನು ಎಲ್ಲ ತಂಡಗಳಿಗೂ ಕೊಡಲು ಸಾಧ್ಯವೇ ಇಲ್ಲ. ಬೆಸ ಸಂಖ್ಯೆ ಬಂತೆಂದು ಸಂಘಟಕರು ಕೊರಗುವುದನ್ನು ಕಂಡಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ.

1 ಚಿತ್ರದುರ್ಗ, 2 ಹಿರಿಯೂರು, 3 ಚಳ್ಳಕೆರೆ, 4 ಮೊಳಕಾಲ್ಮೂರು, 5 ಹೊಳಲ್ಕೆರೆ, 6 ಹೊಸದುರ್ಗ, 7 ದಾವಣಗೆರೆ ಎಂದಿಟ್ಟುಕೊಂಡರೆ ಪಟ್ಟಿ ಹೀಗೆ ಬರುತ್ತದೆ. ಪ್ರತಿ ಜೋಡಿಯಲ್ಲಿ ಮೊದಲು ಬರೆದದ್ದು ಆತಿಥೇಯ ತಂಡ.

```
ವಾರ 1:  2-7  6-3  4-5   ಬಿಡುವು 1
ವಾರ 2:  3-1  7-4  5-6   ಬಿಡುವು 2
ವಾರ 3:  4-2  1-5  6-7   ಬಿಡುವು 3
ವಾರ 4:  5-3  2-6  7-1   ಬಿಡುವು 4
ವಾರ 5:  6-4  3-7  1-2   ಬಿಡುವು 5
ವಾರ 6:  7-5  4-1  2-3   ಬಿಡುವು 6
ವಾರ 7:  1-6  5-2  3-4   ಬಿಡುವು 7
```

ಮೊಳಕಾಲ್ಮೂರಿನವರು ಮೊದಲ ವಾರ ತಮ್ಮ ಊರಿನಲ್ಲಿ ಆಡಿ, ಎರಡನೆಯ ವಾರ ದಾವಣಗೆರೆಗೆ ಬಂದು, ಮೂರನೆಯ ವಾರ ಹಿರಿಯೂರಿನವರನ್ನು ಬರಮಾಡಿಕೊಂಡು, ನಾಲ್ಕನೆಯ ವಾರ ವಿಶ್ರಮಿಸಿ, ಐದನೆಯ ವಾರ ಹೊಸದುರ್ಗಕ್ಕೆ ಹೋಗುತ್ತಾರೆ. ಅದು ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ದೂರ. ಅದರ ಹಿಂದಿನ ಭಾನುವಾರ ಅವರಿಗೆ ಬಿಡುವಿರುವುದು ಒಳ್ಳೆಯದೇ.

ಕೈಯಲ್ಲಿ ಬರೆಯುವಾಗ ಒಂದು ತಂಡ ಒಂದು ಮೆಟ್ಟಿಲು ಹೆಚ್ಚು ಜಿಗಿದರೆ ಅದು ಕೂಡಲೇ ಕಣ್ಣಿಗೆ ಬೀಳುವುದಿಲ್ಲ, ಐದಾರು ವಾರ ಕಳೆದ ಮೇಲೆ ಅದೇ ಜೋಡಿ ಮತ್ತೆ ಎದುರಾದಾಗ ಗೊತ್ತಾಗುತ್ತದೆ. ಅದನ್ನು ಮೊದಲೇ ಹಿಡಿಯಲು, ಬಿಡುವಿನ ತಂಡದ ಸಂಖ್ಯೆಯನ್ನು ಇಮ್ಮಡಿ ಮಾಡಿ. ಆ ವಾರದ ಪ್ರತಿ ಜೋಡಿಯ ಮೊತ್ತವೂ ಅಷ್ಟೇ ಇರಬೇಕು, ಇಲ್ಲವೇ ಅದಕ್ಕಿಂತ ಸರಿಯಾಗಿ 7 ಹೆಚ್ಚು ಅಥವಾ ಕಡಿಮೆ ಇರಬೇಕು. ಮೂರನೆಯ ವಾರ ಇಮ್ಮಡಿ 6. ಜೋಡಿಗಳ ಮೊತ್ತ 6, 6, 13. ಬೇರೆ ಯಾವ ಮೊತ್ತ ಬಂದರೂ ಆ ಸಾಲನ್ನು ಮತ್ತೆ ಬರೆಯಿರಿ.

ದಾವಣಗೆರೆಯಲ್ಲಿ ಚೆಸ್ ಪಂದ್ಯಗಳ ತೀರ್ಪುಗಾರರು

ಮೇಷ್ಟ್ರು ಹೇಳಿದ್ದನ್ನು ಚೆಸ್‌ನಲ್ಲಿಯೂ ಕಾಣಬಹುದು. ಫಿಡೆ ಬಳಸುವ ಬರ್ಗರ್ ಕೋಷ್ಟಕದಲ್ಲಿ ಕದಲದೆ ನಿಲ್ಲುವುದು ಕೊನೆಯ ಸಂಖ್ಯೆ, ಆಟಗಾರರ ಸಂಖ್ಯೆ ಬೆಸವಾಗಿದ್ದರೆ ಆ ಕೊನೆಯ ಸಂಖ್ಯೆಯೇ ಬೈ ಆಗುತ್ತದೆ. ಏಳು ಆಟಗಾರರಿದ್ದಾಗ ಪ್ರತಿಯೊಬ್ಬರಿಗೂ ಬಿಳಿ ಮೂರು, ಕಪ್ಪು ಮೂರು ಬರುತ್ತವೆ. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಬಿಡುವಿನ ಕ್ರಮ 1, 5, 2, 6, 3, 7, 4 ಎಂದು ಸಾಗುತ್ತದೆ. ಕೋಷ್ಟಕ ಅಚ್ಚಿನಲ್ಲಿಯೇ ಸಿಗುವುದರಿಂದ ಕೈಬರಹದ ತಪ್ಪುಗಳಿಗೆ ಅವಕಾಶವಿಲ್ಲ, ಬಿಳಿ ಬಂದವರನ್ನು ಆತಿಥೇಯರೆಂದು ಓದಿಕೊಂಡರಾಯಿತು.

ಚಿತ್ರದುರ್ಗದ ಸಂಘಟಕರು

ತುಂಬಾ ಉಪಕಾರವಾಯಿತು ಸರ್. ಇನ್ನೆರಡು ಸಂದೇಹಗಳಿವೆ. ಇದೇ ಪಟ್ಟಿಯನ್ನು ಊರು ಅದಲುಬದಲು ಮಾಡಿ ಎರಡನೆಯ ಬಾರಿಯೂ ಆಡಿಸಬೇಕೆಂದಿದ್ದೇವೆ. ಜಗಳೂರಿನ ತಂಡವೊಂದು ಸೇರುವುದಾಗಿ ಹೇಳುತ್ತಿದೆ, ಆದರೆ ಇನ್ನೂ ಖಚಿತವಾಗಿಲ್ಲ. ಅವರಿಗಾಗಿ ಪಟ್ಟಿಯನ್ನು ತಡೆಹಿಡಿಯಬೇಕೇ?

ದಾವಣಗೆರೆಯ ನಿವೃತ್ತ ಶಿಕ್ಷಕರು

ತಡೆಹಿಡಿಯಬೇಡಿ. ಖಾಲಿ ಕುರ್ಚಿ ಅವರಿಗಾಗಿಯೇ ಇದೆ ಎಂದು ತಿಳಿಯಿರಿ. ಮೊದಲ ಭಾನುವಾರದೊಳಗೆ ಜಗಳೂರು ಬಂದರೆ ಬಿಡುವಿನ ತಂಡ ಆ ವಾರ ಜಗಳೂರಿನೊಂದಿಗೆ ಆಡಲಿ, ಉಳಿದ 21 ಪಂದ್ಯಗಳ ದಿನವಾಗಲಿ ಊರಾಗಲಿ ಬದಲಾಗುವುದಿಲ್ಲ. ಜಗಳೂರಿನವರು ಮೊದಲ ವಾರ ಚಿತ್ರದುರ್ಗಕ್ಕೆ ಹೋಗಲಿ, ಎರಡನೆಯ ವಾರ ಹಿರಿಯೂರಿನವರನ್ನು ಕರೆಯಲಿ, ಹೀಗೆ ಸರದಿಯಲ್ಲಿ ಸಾಗಲಿ. ಆಗ ಚಿತ್ರದುರ್ಗವನ್ನು ಬಿಟ್ಟು ಹಳೆಯ ತಂಡಗಳಲ್ಲಿ ಪ್ರತಿಯೊಂದಕ್ಕೂ ಒಂದು ಬಾರಿ ಮಾತ್ರ ಎರಡು ಊರಿನ ಪಂದ್ಯಗಳೋ ಎರಡು ಪ್ರಯಾಣಗಳೋ ಒಟ್ಟೊಟ್ಟಿಗೆ ಬರುತ್ತವೆ. ಮೂರು ಎಲ್ಲಿಯೂ ಬರುವುದಿಲ್ಲ.

ಏಳೇ ತಂಡಗಳು ಉಳಿದು ಎರಡನೆಯ ಬಾರಿ ಆಡಿಸುವುದಾದರೆ, ಎಂಟನೆಯ ವಾರ ಮೊದಲ ವಾರದ ಸಾಲನ್ನೇ ತಿರುಗಿಸಿ ಹಾಕುವುದು ಎಲ್ಲರೂ ಮಾಡುವ ಕ್ರಮ. ಹಾಗೆ ಮಾಡಿದರೆ ಎರಡು ಭಾಗಗಳು ಕೂಡುವ ಕಡೆ ಏಳೂ ತಂಡಗಳ ಸರದಿ ಮುರಿಯುತ್ತದೆ. ಅದರ ಬದಲು ಎಂಟನೆಯ ವಾರ ಎರಡನೆಯ ಸಾಲಿನಿಂದ ಆರಂಭಿಸಿ, 2ರಿಂದ 7ರವರೆಗಿನ ಸಾಲುಗಳನ್ನು ಊರು ತಿರುಗಿಸಿ ಆಡಿಸಿ, ಮೊದಲ ಸಾಲನ್ನು ಹದಿನಾಲ್ಕನೆಯ ವಾರಕ್ಕೆ ಇಟ್ಟುಕೊಳ್ಳಿ. ಆಗ ಸರದಿ ಮುರಿಯುವುದು 1ನೇ ತಂಡಕ್ಕೆ ಮಾತ್ರ: ಚಿತ್ರದುರ್ಗ ಏಳನೆಯ ವಾರ ಹೊಸದುರ್ಗವನ್ನೂ ಎಂಟನೆಯ ವಾರ ಚಳ್ಳಕೆರೆಯನ್ನೂ ತನ್ನ ಊರಿನಲ್ಲೇ ಎದುರಿಸುತ್ತದೆ. ಇದರಲ್ಲಿ ಒಂದು ತೊಡಕಿದೆ. ಮೊದಲ ಭಾನುವಾರದಂತೆ ಕೊನೆಯ ಭಾನುವಾರವೂ ಬಿಡುವು ಚಿತ್ರದುರ್ಗಕ್ಕೇ ಬರುವುದರಿಂದ ಅವರ ಅಂಕ ಎಷ್ಟಕ್ಕೆ ನಿಂತಿತೆಂದು ತಿಳಿದುಕೊಂಡೇ ಉಳಿದವರು ಅಂಗಳಕ್ಕೆ ಇಳಿಯುತ್ತಾರೆ. ಬೆಸ ಸಂಖ್ಯೆಯ ಲೀಗ್‌ನಲ್ಲಿ ಕೊನೆಯ ದಿನ ಒಬ್ಬರಾದರೂ ಹೊರಗಿರಲೇಬೇಕು. ಆ ಕುರ್ಚಿ ಯಾರದ್ದಾಗಬೇಕೆಂಬುದನ್ನು ಎಲ್ಲ ತಂಡಗಳ ಎದುರಿನಲ್ಲಿ ಚೀಟಿ ಎತ್ತಿ ತೀರ್ಮಾನಿಸಿ, ನಾನು ಕೊಟ್ಟ ಸಂಖ್ಯೆಗಳನ್ನು ಉದಾಹರಣೆಯಾಗಿ ಮಾತ್ರ ಇಟ್ಟುಕೊಳ್ಳಿ.

ಹರಿಹರದ ಕ್ರಿಕೆಟ್ ಸಂಘಟಕರು

ನಮ್ಮದು ಐದು ತಂಡಗಳ, ಒಂದೇ ಮೈದಾನದ ಲೀಗ್ ಆದ್ದರಿಂದ ಊರಿನ ಸರದಿಯ ಚಿಂತೆಯಿಲ್ಲ. ನಮಗೆ ಖಾಲಿ ಕುರ್ಚಿಯಿಂದ ಆದ ಪ್ರಯೋಜನವೆಂದರೆ, ಬಿಡುವಿನ ತಂಡದವರೇ ಆ ದಿನ ಅಂಪೈರ್ ಆಗಿಯೂ ಸ್ಕೋರ್ ಬರೆಯುವವರಾಗಿಯೂ ನಿಲ್ಲುತ್ತಾರೆ.

ಆದರೆ ಮೇಷ್ಟ್ರ ಪಟ್ಟಿಯಲ್ಲಿ ನನ್ನನ್ನು ಕಾಡುವ ಸಂಗತಿಯೊಂದಿದೆ. ಮೊದಲ ವಾರ 2ನ್ನು ಎದುರಿಸಿದ 7ನೇ ತಂಡ ಮರುವಾರ 4ರ ಎದುರು ಬರುತ್ತದೆ. ಎರಡನೆಯ ವಾರ ಯಾರೂ 2ನ್ನು ಎದುರಿಸುವುದಿಲ್ಲ, ಆದರೆ ನಾಲ್ಕನೆಯ ವಾರ 2ನ್ನು ಎದುರಿಸಿದ 6ನೇ ತಂಡ ಐದನೆಯ ವಾರ ಮತ್ತೆ 4ರ ಎದುರಿಗೇ ಬರುತ್ತದೆ. ಹೀಗೆ 2ರೊಂದಿಗೆ ಆಡಿ ಬಂದವರು ಮರುವಾರ 4ರ ಪಾಲಾಗುತ್ತಲೇ ಇರುತ್ತಾರೆ. 2 ಎಲ್ಲರನ್ನೂ ಬಳಲಿಸುವ ಬಲಿಷ್ಠ ತಂಡವಾದರೆ 4ಕ್ಕೆ ಇಡೀ ಋತುವಿನಲ್ಲಿ ದಣಿದ ಎದುರಾಳಿಗಳೇ ಸಿಗುತ್ತಾರೆ. ಬರ್ಗರ್ ಕೋಷ್ಟಕದಲ್ಲಿ ಇದು ಇರುವುದಿಲ್ಲವೇ?

ಚೆಸ್ ತೀರ್ಪುಗಾರರು

ಅಲ್ಲಿಯೂ ಇದೆ, ಬಳಲಿದವರು ಸಿಗುವುದು ಮುಂದಿನ ಸಂಖ್ಯೆಯವರಿಗೆ ಎಂಬುದಷ್ಟೇ ವ್ಯತ್ಯಾಸ. ವೃತ್ತದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿಯುವುದರಿಂದ ಇದು ತಪ್ಪದು. ವಾರಗಳ ಕ್ರಮವನ್ನೇ ಕಲಸಿದರೆ ಹೋಗುತ್ತದೆ.

ದಾವಣಗೆರೆಯ ನಿವೃತ್ತ ಶಿಕ್ಷಕರು

ಕಲಸಿದರೆ ಊರು ಮತ್ತು ಪ್ರಯಾಣದ ಸರದಿಯೂ ಕಲಸಿಹೋಗುತ್ತದೆ. ವಾರಕ್ಕೊಂದು ಪಂದ್ಯವಿರುವಲ್ಲಿ ಆರು ದಿನಗಳ ವಿರಾಮ ಸಿಗುವುದರಿಂದ ದಣಿವಿಗಿಂತ ಪ್ರಯಾಣದ ಖರ್ಚೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಹರಿಹರದ ಕ್ರಿಕೆಟ್ ಸಂಘಟಕರು

ವಾಲಿಬಾಲ್‌ಗೆ ಒಪ್ಪುತ್ತೇನೆ. ನಮ್ಮಲ್ಲಿ ಶನಿವಾರ ಒಂದು ಸುತ್ತು, ಭಾನುವಾರ ಮತ್ತೊಂದು ಸುತ್ತು ನಡೆಯುತ್ತದೆ, ಶನಿವಾರ ಪೂರ್ತಿ ಓವರ್ ಎಸೆದ ಬೌಲರ್‌ಗಳು ಮರುದಿನವೂ ಎಸೆಯಬೇಕು. ಅಂಥ ಕಡೆ ಊರಿನ ಸರದಿಯೂ ಬೇಕೆಂದರೆ ಏನು ಮಾಡಬೇಕೆಂಬುದನ್ನು ಯಾರಾದರೂ ಆಡಿಸಿ ನೋಡಿದ್ದರೆ ತಿಳಿಸಲಿ.