ಅಪ್‌ಡೇಟ್: ಆಟೊಕ್ಕ ಆ್ಯಪ್, ಪಾರ್ಸೆಲ್, ಸ್ಕೂಲ್ ಟ್ರಿಪ್ ಕೂಡಿಸಿದ ಮ್ಯಾಲೆ

ಮೊದಲು ಕೇಳಿದ್ದು: "ಕಲಬುರಗಿಯೊಳಗ ಸ್ವಂತ ಆಟೊ ಅದ, ಸ್ಟ್ಯಾಂಡ್ ಬಾಡಿಗಿ ಸಾಲವಲ್ದು. ಆ್ಯಪ್, ಪಾರ್ಸೆಲ್, ಸ್ಕೂಲ್ ಟ್ರಿಪ್ ಮೂರೂ ಹಿಡೀಲೇನ್ರಿ?"

ಮೂರೂ ಹಿಡಿದೀನ್ರಿ, ಆದ್ರ ಸ್ಕೂಲ್ ಟ್ರಿಪ್ ಮೊದಲು ಗಟ್ಟಿ ಮಾಡ್ಕೊಂಡೆ. ಒಂದೇ ಓಣಿಯ ನಾಲ್ಕು ಮಕ್ಕಳು, ಒಬ್ಬರಿಗೆ ತಿಂಗಳಿಗೆ 1,000 ರೂಪಾಯಿ. ಐದನೇ ಮಗೂಗ ಒಲ್ಲೆ ಅಂದೆ. ನನ್ನ ಬಾಜೂ ಕೂಡಿಸಿದ್ರ ಹ್ಯಾಂಡಲ್ ಪೂರಾ ತಿರುಗಂಗಿಲ್ಲ. ಬ್ಯಾಸಗಿ ಸೂಟಿಗೆ ಈ ರೊಕ್ಕ ನಿಲ್ತದ, ಅದಕ್ಕ ಪ್ರತಿ ತಿಂಗಳು ಸ್ವಲ್ಪ ತೆಗೆದಿಡ್ತೀನಿ.

ಆ್ಯಪಿನೊಳಗ ನೋಡಬೇಕಾದ್ದು ಖಾಲಿ ಓಟ. 100 ರೂಪಾಯಿ ಬಾಡಿಗಿ, ದೂರ 6 ಕಿಲೋಮೀಟರ್ ಅನ್ರಿ. ಹತ್ತಿಸ್ಕೊಳ್ಳಾಕ 2, ಖಾಲಿ ಬರಾಕ 5, ಒಟ್ಟು 13. ಕಿಲೋಮೀಟರಿಗೆ ಗ್ಯಾಸ್ 3 ರೂಪಾಯಿ ಹಿಡಿದ್ರ 39 ಹೋಗಿ ಉಳಿಯೋದು 61. ಟಾಯರ್, ಆಯಿಲ್ ಬ್ಯಾರೆ. ಅದಕ್ಕ ಜೇವರ್ಗಿ ರೋಡ್ ತುದಿ ಬಾಡಿಗಿ ಬಿಡ್ತೀನಿ. ಸ್ಟೇಷನ್, ಸೂಪರ್ ಮಾರ್ಕೆಟ್ ಕಡೀದು ಬಂದ್ರ ಒತ್ತತೀನಿ, ಅಲ್ಲಿ ವಾಪಸ್ ಬಾಡಿಗಿ ಸಿಗ್ತದ.

ಪಾರ್ಸೆಲ್ ಮಧ್ಯಾಹ್ನ ಅಷ್ಟೇ, ಸಣ್ಣ ಡಬ್ಬಿ, ಕಾಗದಪತ್ರ. ಗಂಜ್ ಮಾರ್ಕೆಟಿನೊಳಗ ತೊಗರಿಬೇಳಿ ಚೀಲ ಹೇರ್ತೀಯಾ ಅಂತಾರ, ಒಲ್ಲೆ ಅಂತೀನಿ. ನಮ್ಮದು ಪ್ಯಾಸೆಂಜರ್ ಪರ್ಮಿಟ್, ಚೀಲ ಹೇರಿದಾಗ ಏನರೆ ಆದ್ರ ಇನ್ಶೂರೆನ್ಸಿಗೆ ತಕರಾರು ಬರ್ತದ. ಸ್ಕೂಲ್ ಬಿಡೋ ಹೊತ್ತಿಗೆ ಬಾಡಿಗಿದು, ಪಾರ್ಸೆಲ್‌ದು ಎರಡೂ ಆ್ಯಪ್ ಬಂದ್ ಮಾಡ್ತೀನಿ.