ಒಂದೇ ಸರಪಳಿಯಲ್ಲಿ ನೇರಳೆಯೂ ಗುಲಾಬಿಯೂ: ಗ್ರಾಂ ಸ್ಟೇನ್ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿ, ಮಂಗಳೂರು):
ಮೇಡಂ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೊಟ್ಟ ಕಲ್ಚರ್‌ನಿಂದ ಗ್ರಾಂ ಸ್ಟೇನ್ ಮಾಡಿದೆ. ದಪ್ಪನೆಯ ಕಡ್ಡಿಯಂತಹ ಬ್ಯಾಕ್ಟೀರಿಯಾಗಳು ಕಂಡವು. ಕೆಲವು ನೇರಳೆ, ಕೆಲವು ಗುಲಾಬಿ, ಕೆಲವುಗಳ ನಡುವೆ ಬಣ್ಣವಿಲ್ಲದ ಖಾಲಿ ಜಾಗ. "ಗ್ರಾಂ ಪಾಸಿಟಿವ್ ಮತ್ತು ಗ್ರಾಂ ನೆಗೆಟಿವ್ ಎರಡೂ ಬೆರೆತಿವೆ" ಎಂದು ಬರೆದೆ. ಇರುವುದು ಒಂದೇ ಜೀವಿ ಎಂದು ಹೇಳಿ ಅಂಕ ಕಳೆದರು. ಕಣ್ಣಿಗೆ ಕಂಡದ್ದನ್ನೇ ಬರೆದರೂ ತಪ್ಪು ಹೇಗಾಯಿತು?

ಉತ್ತರ (ಮೈಕ್ರೋಬಯಾಲಜಿಸ್ಟ್, ಉಡುಪಿ):
ನೀವು ಬಣ್ಣವನ್ನು ಸರಿಯಾಗಿಯೇ ನೋಡಿದ್ದೀರಿ, ಆದರೆ ಬಣ್ಣದ ಜೊತೆಗೆ ಆಕಾರವನ್ನೂ ಜೋಡಣೆಯನ್ನೂ ನೋಡಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಇಂತಹ ಸ್ಲೈಡ್‌ನಲ್ಲಿ ಉದ್ದನೆಯ ಒಂದು ಸರಪಳಿಯನ್ನು ಹುಡುಕಿ, ಆಯಿಲ್ ಇಮ್ಮರ್ಷನ್ ಲೆನ್ಸ್‌ನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡುತ್ತಾ ಹೋಗಬೇಕು. ಮೊದಲ ಕಡ್ಡಿ ಕಡು ನೇರಳೆ, ಅದಕ್ಕೆ ಅಂಟಿಕೊಂಡ ಎರಡನೆಯದು ಗುಲಾಬಿ, ಮೂರನೆಯದರಲ್ಲಿ ಅರ್ಧ ನೇರಳೆ ಅರ್ಧ ಗುಲಾಬಿ, ನಾಲ್ಕನೆಯದು ಮತ್ತೆ ನೇರಳೆ, ಹೀಗೆ ಕಾಣುತ್ತದೆ. ಎಲ್ಲವುಗಳ ಅಗಲ ಒಂದೇ, ತುದಿಗಳ ಆಕಾರವೂ ಒಂದೇ. ಸರಪಳಿ ಎಂದರೆ ಒಂದೇ ಕೋಶ ಮತ್ತೆ ಮತ್ತೆ ವಿಭಜನೆಗೊಂಡು ಮರಿಗಳು ಬಿಡಿಸಿಕೊಳ್ಳದೆ ಉಳಿದ ಸಾಲು. ಅದರೊಳಗೆ ಎರಡು ಜಾತಿಯ ಬ್ಯಾಕ್ಟೀರಿಯಾ ಸೇರಲು ದಾರಿಯೇ ಇಲ್ಲ. ನಡುವಿನ ಬಣ್ಣವಿಲ್ಲದ ಜಾಗ ಸ್ಪೋರ್, ಅಂದರೆ ಕಷ್ಟಕಾಲ ಕಳೆಯಲು ಕೋಶ ತನ್ನೊಳಗೆ ಕಟ್ಟಿಕೊಳ್ಳುವ ಗಟ್ಟಿ ರೂಪ. ಅದರ ಗಟ್ಟಿ ಹೊದಿಕೆಯನ್ನು ದಾಟಿ ಗ್ರಾಂ ಬಣ್ಣ ಒಳಗೆ ಹೋಗುವುದಿಲ್ಲ. ಇಷ್ಟನ್ನು ಸೇರಿಸಿ ನೋಡಿದರೆ ಅದು ಬ್ಯಾಸಿಲಸ್ ಇರಬೇಕು, ಹೆಚ್ಚು ದಿನ ಇಟ್ಟಿದ್ದ ಕಲ್ಚರ್ ಇರಬೇಕು.

ಇನ್ನು ಗುಲಾಬಿ ಬಣ್ಣ ಎಲ್ಲಿಂದ ಬಂತು ಎಂಬುದಕ್ಕೆ ಕೋಶಭಿತ್ತಿಯತ್ತ ನೋಡಬೇಕು. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ ಹಾಕಿದ ಹೊತ್ತಿಗೆ ಸ್ಲೈಡ್‌ನ ಮೇಲಿನ ಬ್ಯಾಕ್ಟೀರಿಯಾಗಳೆಲ್ಲ ನೇರಳೆಯಾಗಿಯೇ ಇರುತ್ತವೆ, ಏಕೆಂದರೆ ಎರಡೂ ಸೇರಿ ಕೋಶದೊಳಗೆ ದೊಡ್ಡ ಕಣಗಳಾಗಿ ಕೂತಿರುತ್ತವೆ. ನೇರಳೆಯನ್ನು ಉಳಿಸಿಕೊಳ್ಳುವ ಗ್ರಾಂ ಪಾಸಿಟಿವ್, ಬಿಟ್ಟುಬಿಡುವ ಗ್ರಾಂ ನೆಗೆಟಿವ್ ಎಂಬ ಎರಡು ಗುಂಪುಗಳನ್ನು ಬೇರೆ ಮಾಡುವುದು ಮೂರನೆಯ ಹಂತವಾದ ಆಲ್ಕೋಹಾಲ್ ಮಾತ್ರ. ಸ್ಟಾಫಿಲೋಕಾಕಸ್‌ನಂತಹ ಜೀವಿಯಲ್ಲಿ ಪೆಪ್ಟಿಡೊಗ್ಲೈಕಾನ್ ಪದರ ಸುಮಾರು 20ರಿಂದ 80 ನ್ಯಾನೋಮೀಟರ್ ದಪ್ಪ. ಆಲ್ಕೋಹಾಲ್ ಅದರ ನೀರನ್ನು ಹೀರಿದಾಗ ಆ ದಪ್ಪ ಹೆಣಿಗೆ ಬಿಗಿದುಕೊಂಡು, ಒಳಗಿನ ಬಣ್ಣಕ್ಕೆ ಹೊರಗೆ ಬರಲು ಜಾಗ ಸಿಗುವುದಿಲ್ಲ. ಇ. ಕೋಲೈಯಲ್ಲಿ ಅದೇ ಪದರ ಕೆಲವೇ ನ್ಯಾನೋಮೀಟರ್‌ನಷ್ಟು ತೆಳು. ಅದರ ಹೊರಗಿರುವ ಕೊಬ್ಬಿನ ಪೊರೆಯನ್ನು ಆಲ್ಕೋಹಾಲ್ ಕರಗಿಸಿಬಿಡುತ್ತದೆ, ಉಳಿದ ತೆಳು ಪದರಕ್ಕೆ ಬಣ್ಣವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಆಮೇಲೆ ಹಾಕುವ ಸ್ಯಾಫ್ರನಿನ್ ಎಲ್ಲದಕ್ಕೂ ಹತ್ತುತ್ತದೆ. ನೇರಳೆ ಉಳಿದ ಕೋಶದಲ್ಲಿ ಅದು ಕಾಣುವುದಿಲ್ಲ, ಖಾಲಿಯಾದ ಕೋಶದಲ್ಲಿ ಕಾಣುತ್ತದೆ.

ಹಾಗಾಗಿ "ಗ್ರಾಂ ಪಾಸಿಟಿವ್" ಎಂಬ ಮಾತು ಹೇಳುವುದು ಭಿತ್ತಿ ಆ ಕೆಲವು ಸೆಕೆಂಡು ಆಲ್ಕೋಹಾಲ್ ಅನ್ನು ತಡೆದುಕೊಂಡಿತು ಎಂಬುದನ್ನು ಮಾತ್ರ. ಬ್ಯಾಸಿಲಸ್ ಬೆಳೆಯುವ ವೇಗ ಕುಗ್ಗಿದಂತೆ ಅದರ ಭಿತ್ತಿ ತೆಳುವಾಗುತ್ತದೆ, ಸಾಯುತ್ತಿರುವ ಕೋಶಗಳಲ್ಲಿ ಅವುಗಳದೇ ಕಿಣ್ವಗಳು ಭಿತ್ತಿಯನ್ನು ಕತ್ತರಿಸುತ್ತವೆ. ಬಿರುಕು ಬಿಟ್ಟ ಭಿತ್ತಿಯಿಂದ ನೇರಳೆ ಸೋರಿಹೋದ ಕೋಶವೇ ನಿಮ್ಮ ಸ್ಲೈಡ್‌ನಲ್ಲಿ ಗುಲಾಬಿಯಾಗಿ ಕಂಡದ್ದು. ನಾನು ವಿದ್ಯಾರ್ಥಿಗಳಿಗೆ ತೋರಿಸಲು ಒಂದೇ ಬ್ಯಾಸಿಲಸ್ ಸಬ್ಟಿಲಿಸ್ ಪ್ಲೇಟ್‌ನಿಂದ 18 ಗಂಟೆಗೆ ಒಂದು ಲೇಪ, ನಾಲ್ಕನೇ ದಿನ ಇನ್ನೊಂದು ಲೇಪ ಮಾಡಿ ಪಕ್ಕಪಕ್ಕದಲ್ಲಿ ಇಡುವ ಅಭ್ಯಾಸವಿದೆ. ಮೊದಲನೆಯದರಲ್ಲಿ ಗುಲಾಬಿ ಹುಡುಕಿದರೂ ಸಿಗುವುದು ಕಷ್ಟ, ಎರಡನೆಯದರಲ್ಲಿ ನೀವು ವಿವರಿಸಿದ ನೋಟವೇ ಕಾಣುತ್ತದೆ.

ಲ್ಯಾಬ್ ಟೆಕ್ನಿಶಿಯನ್, ಸುರತ್ಕಲ್:
ಮೇಡಂ ಹೇಳಿದ್ದು ಸರಿ, ಆದರೆ ನನ್ನ ಅನುಭವದಲ್ಲಿ ಕಲ್ಚರ್ ಹಳೆಯದಾದದ್ದಕ್ಕಿಂತ ಸ್ಪಿರಿಟ್ ಹಾಕುವುದರಲ್ಲೇ ಹೆಚ್ಚು ತಪ್ಪಾಗುತ್ತದೆ. ಮಕ್ಕಳು ಹೆದರಿ ಎರಡು ತೊಟ್ಟು ಹಾಕಿ ತೊಳೆದುಬಿಡುತ್ತಾರೆ. ಒಂದು ನಿಮಿಷ ಪೂರ್ತಿ ಸ್ಪಿರಿಟ್‌ನಲ್ಲಿ ಇಟ್ಟರೆ ಇಂತಹ ಗೊಂದಲ ಬರುವುದಿಲ್ಲ.

ಮೈಕ್ರೋಬಯಾಲಜಿಸ್ಟ್:
ತಪ್ಪುಗಳು ಆ ಹಂತದಲ್ಲೇ ಹೆಚ್ಚು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ನಿಮಿಷ ಇಟ್ಟರೆ ಒಳ್ಳೆಯ ಸ್ಟಾಫಿಲೋಕಾಕಸ್ ಕೂಡ ಬಣ್ಣ ಬಿಡಲು ತೊಡಗುತ್ತದೆ. ಅಸಿಟೋನ್ ಬೆರೆಸಿದ್ದಾದರೆ ಎರಡು ಮೂರು ಸೆಕೆಂಡು ಸಾಕು. 95% ಆಲ್ಕೋಹಾಲ್ ಆದರೆ ಸ್ಲೈಡ್ ಅನ್ನು ಓರೆಯಾಗಿ ಹಿಡಿದು, ಹರಿದುಬರುವ ದ್ರವದಲ್ಲಿ ನೇರಳೆ ನಿಂತ ಕ್ಷಣವೇ ನೀರು ಹಾಕಬೇಕು. ಕೀವು ಅಥವಾ ಕಫದ ಲೇಪವಾದರೆ ಪರೀಕ್ಷಿಸುವ ದಾರಿ ಸ್ಲೈಡ್‌ನಲ್ಲೇ ಇದೆ: ಕೀವುಕೋಶಗಳ ನ್ಯೂಕ್ಲಿಯಸ್ ಗುಲಾಬಿಯಾಗಿರಬೇಕು. ಅದು ನೇರಳೆಯಾಗಿ ಉಳಿದಿದ್ದರೆ ಆಲ್ಕೋಹಾಲ್ ಸಾಲಲಿಲ್ಲ ಎಂದರ್ಥ, ಆ ಜಾಗದ ಬ್ಯಾಕ್ಟೀರಿಯಾದ ಬಣ್ಣವನ್ನು ನಂಬಬಾರದು. ಕಲ್ಚರ್ ಲೇಪದಲ್ಲಿ ಕೀವುಕೋಶ ಇರುವುದಿಲ್ಲ, ಆದ್ದರಿಂದ ಅದೇ ಸ್ಲೈಡ್‌ನ ಒಂದು ಬದಿಯಲ್ಲಿ ಸ್ಟಾಫಿಲೋಕಾಕಸ್ ಆರಿಯಸ್, ಇನ್ನೊಂದು ಬದಿಯಲ್ಲಿ ಇ. ಕೋಲೈ ಹಚ್ಚಿ, ಮೂರಕ್ಕೂ ಒಟ್ಟಿಗೆ ಬಣ್ಣ ಹಾಕಬೇಕು.

ನಮ್ಮ ಕರಾವಳಿಯ ಮಳೆಗಾಲದ ಒಂದು ತೊಂದರೆಯನ್ನೂ ಇಲ್ಲಿ ಹೇಳುತ್ತೇನೆ. ಜುಲೈ ತಿಂಗಳಲ್ಲಿ ಲೇಪ ಬೇಗ ಒಣಗುವುದಿಲ್ಲ, ಅವಸರದಲ್ಲಿ ಒದ್ದೆ ಲೇಪವನ್ನೇ ಜ್ವಾಲೆಯ ಮೇಲೆ ಹಿಡಿದರೆ ನೀರು ಕುದಿದು ಕೋಶಗಳು ಒಡೆಯುತ್ತವೆ. ಒಡೆದ ಕೋಶ ಯಾವ ಗುಂಪಿನದಾದರೂ ಗುಲಾಬಿಯಾಗಿಯೇ ಕಾಣುತ್ತದೆ.

ಬೈಂದೂರಿನ ಓದುಗರು:
ನನ್ನ ತಂದೆಗೆ 72 ವರ್ಷ. ಮೂತ್ರದ ವರದಿಯಲ್ಲಿ "ಗ್ರಾಂ ನೆಗೆಟಿವ್ ಬ್ಯಾಸಿಲೈ ಕಂಡುಬಂದಿವೆ" ಎಂದಿದೆ. ನೆಗೆಟಿವ್ ಎಂದ ಮೇಲೆ ಸೋಂಕು ಇಲ್ಲ ಎಂದು ತಿಳಿದು ಸುಮ್ಮನಿದ್ದೇವೆ. ನಿನ್ನೆಯಿಂದ ಚಳಿ ಜ್ವರ ಬರುತ್ತಿದೆ. ಇದು ಬೇರೆ ಕಾಯಿಲೆ ಇರಬಹುದೇ?

ಮೈಕ್ರೋಬಯಾಲಜಿಸ್ಟ್:
ದಯವಿಟ್ಟು ಇಂದೇ ತಂದೆಯವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ, ಆ ವರದಿಯನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಇಲ್ಲಿ ನೆಗೆಟಿವ್ ಎಂದರೆ ಬ್ಯಾಕ್ಟೀರಿಯಾ ಇಲ್ಲ ಎಂದಲ್ಲ, ಕಂಡ ಬ್ಯಾಕ್ಟೀರಿಯಾ ನೇರಳೆ ಬಣ್ಣವನ್ನು ಉಳಿಸಿಕೊಳ್ಳಲಿಲ್ಲ ಎಂದು. ಮೂತ್ರದ ಸೋಂಕಿನಲ್ಲಿ ಹೆಚ್ಚಾಗಿ ಸಿಗುವ ಇ. ಕೋಲೈ ಈ ಗುಂಪಿನದೇ. ಇವುಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್ ರಕ್ತಕ್ಕೆ ಸೇರಿದರೆ ಚಳಿ ಜ್ವರ ಬರುತ್ತದೆ, ರಕ್ತದೊತ್ತಡವೂ ಕುಸಿಯಬಹುದು. ಈ ವಯಸ್ಸಿನಲ್ಲಿ ಕಾಯುವುದು ಬೇಡ.

ಫಾರ್ಮಸಿ ಉಪನ್ಯಾಸಕರು, ಮಂಗಳೂರು:
ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಸುಲಭ ಸೂತ್ರ ಇದು: ಭಿತ್ತಿ ಇದ್ದರೆ ನೇರಳೆ, ಭಿತ್ತಿ ಇಲ್ಲದಿದ್ದರೆ ಗುಲಾಬಿ. ಮೈಕೋಪ್ಲಾಸ್ಮಾಕ್ಕೆ ಭಿತ್ತಿ ಇಲ್ಲ, ಆದ್ದರಿಂದ ಅದು ಗ್ರಾಂ ನೆಗೆಟಿವ್, ಪೆನಿಸಿಲಿನ್ ಅದಕ್ಕೆ ನಾಟುವುದಿಲ್ಲ.

ಮೈಕ್ರೋಬಯಾಲಜಿಸ್ಟ್:
ಸರ್, ಮೈಕೋಪ್ಲಾಸ್ಮಾಕ್ಕೆ ಭಿತ್ತಿ ಇಲ್ಲ, ಪೆನಿಸಿಲಿನ್ ನಾಟುವುದಿಲ್ಲ ಎಂಬ ಎರಡೂ ಮಾತು ನಿಜ. ಆದರೆ ಆ ಸೂತ್ರವನ್ನು ದಯವಿಟ್ಟು ಬಿಡಿ, ಏಕೆಂದರೆ ಇ. ಕೋಲೈಗೆ ಭಿತ್ತಿ ಇದೆ. ಇಲ್ಲದಿದ್ದರೆ ಆಂಪಿಸಿಲಿನ್‌ಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಮೈಕೋಪ್ಲಾಸ್ಮಾ ಈ ಪರೀಕ್ಷೆಯ ಹೊರಗೆ ಉಳಿಯುವ ಜೀವಿ. ಕ್ಷಯದ ಬ್ಯಾಕ್ಟೀರಿಯಾವೂ ಹಾಗೆಯೇ: ಅದರ ಮೇಣದಂತಹ ಮೈಕೋಲಿಕ್ ಆಮ್ಲದ ಪದರವನ್ನು ಈ ಬಣ್ಣ ಸರಿಯಾಗಿ ದಾಟುವುದಿಲ್ಲ. ಅದಕ್ಕೆ ಜೀಲ್–ನೀಲ್ಸನ್ ವಿಧಾನವೇ ಬೇಕು.

ಭಿತ್ತಿಯ ರಚನೆ ಮರೆತರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಸ್ಪತ್ರೆಯಲ್ಲಿ ಐಸಿಯು ರೋಗಿಯ ಬ್ಲಡ್ ಕಲ್ಚರ್ ಬಾಟಲಿಯಿಂದ ಲೇಪ ಮಾಡಿದೆ. ಜೋಡಿಜೋಡಿಯಾಗಿ ನೇರಳೆ ಗುಂಡುಗಳು ಕಂಡವು. "ಗ್ರಾಂ ಪಾಸಿಟಿವ್ ಕಾಕೈ" ಎಂದು ಫೋನ್ ಮಾಡಿದೆ, ವೈದ್ಯರು ವ್ಯಾಂಕೊಮೈಸಿನ್ ಆರಂಭಿಸಿದರು. ಮರುದಿನ, ಹೆಚ್ಚಾಗಿ ಗ್ರಾಂ ನೆಗೆಟಿವ್‌ಗಳೇ ಬೆಳೆಯುವ ಮ್ಯಾಕಾಂಕಿ ಅಗಾರ್‌ನಲ್ಲಿ ಕಾಲೊನಿಗಳು ಬಂದಿದ್ದವು, ಆಕ್ಸಿಡೇಸ್ ಪರೀಕ್ಷೆ ನೆಗೆಟಿವ್. ಅದು ಅಸಿನೆಟೊಬ್ಯಾಕ್ಟರ್. ಗ್ರಾಂ ನೆಗೆಟಿವ್ ಆಗಿದ್ದರೂ ನೇರಳೆಯನ್ನು ಸುಲಭವಾಗಿ ಬಿಡದ ಸ್ವಭಾವ ಅದಕ್ಕಿದೆ. ನನ್ನ ಲೇಪವೂ ದಪ್ಪವಾಗಿತ್ತು. ವ್ಯಾಂಕೊಮೈಸಿನ್ ದೊಡ್ಡ ಅಣು, ಗ್ರಾಂ ನೆಗೆಟಿವ್ ಹೊರಪೊರೆಯ ರಂಧ್ರಗಳಲ್ಲಿ ಅದು ಹಿಡಿಸುವುದಿಲ್ಲ, ಹಾಗಾಗಿ ಆ ರೋಗಿಗೆ ಒಂದು ದಿನ ಪ್ರಯೋಜನವಿಲ್ಲದ ಔಷಧ ಹೋಯಿತು. ಈಗ ಅನುಮಾನ ಬಂದ ಕಾಲೊನಿಯನ್ನು 3% KOH ತೊಟ್ಟಿನಲ್ಲಿ ಲೂಪ್‌ನಿಂದ ಕಲಸಿ ಎತ್ತಿ ನೋಡುತ್ತೇನೆ. ಗ್ರಾಂ ನೆಗೆಟಿವ್ ಆದರೆ ತೆಳು ಭಿತ್ತಿ ಒಡೆದು ಡಿಎನ್‌ಎ ಹೊರಬಂದು, ಲೂಪ್ ಎತ್ತಿದಾಗ ಲೋಳೆಯ ಎಳೆ ಎದ್ದುಬರುತ್ತದೆ. ಗ್ರಾಂ ಪಾಸಿಟಿವ್ ಆದರೆ ಸಾಮಾನ್ಯವಾಗಿ ನೀರಿನಂತೆಯೇ ಉಳಿಯುತ್ತದೆ.

ಫಾರ್ಮಸಿ ಉಪನ್ಯಾಸಕರು:
ಸೂತ್ರವನ್ನು ತಿದ್ದಿಕೊಳ್ಳುತ್ತೇನೆ. ಆದರೆ ಕ್ಷಯದ ಬ್ಯಾಕ್ಟೀರಿಯಾವನ್ನು ಗ್ರಾಂ ಪಾಸಿಟಿವ್ ಎಂದೇ ಬರೆದ ಪುಸ್ತಕಗಳಿವೆಯಲ್ಲ? ಬಹು ಆಯ್ಕೆ ಪ್ರಶ್ನೆಗಳಲ್ಲಿಯೂ ಹಾಗೆ ನೋಡಿದ್ದೇನೆ.

ಮೈಕ್ರೋಬಯಾಲಜಿಸ್ಟ್:
ಇವೆ. ವಂಶವೃಕ್ಷದಲ್ಲಿ ಅದು ಗ್ರಾಂ ಪಾಸಿಟಿವ್‌ಗಳ ಹತ್ತಿರದ ಬಳಗ ಎಂಬುದು ಅವರ ಆಧಾರ. ಆದರೆ ಮೈಕೋಲಿಕ್ ಆಮ್ಲದ ಪದರ ಹೊರಪೊರೆಯಂತೆಯೇ ವರ್ತಿಸುವುದರಿಂದ ರಚನೆಯನ್ನು ನೋಡುವವರು ಬೇರೆ ಮಾತು ಹೇಳುತ್ತಾರೆ. ನಾನು "ಆಸಿಡ್ ಫಾಸ್ಟ್" ಎಂದಷ್ಟೇ ಬರೆಯುತ್ತೇನೆ, ನೀವು ಒಪ್ಪಲೇಬೇಕು ಎಂದಿಲ್ಲ.

ವಿದ್ಯಾರ್ಥಿನಿ:
ಮೇಡಂ, ಕೊನೆಯ ಒಂದು ಸಂದೇಹ. ಕ್ಲಾಸ್ಟ್ರಿಡಿಯಂ ಕೂಡ ಸ್ಪೋರ್ ಇರುವ ಕಡ್ಡಿ, ಅದೂ ಬಣ್ಣ ಬಿಡುತ್ತದೆ. ನನ್ನ ಸ್ಲೈಡ್‌ನಲ್ಲಿದ್ದದ್ದು ಅದೇ ಆಗಿರಬಾರದೇಕೆ?

ಮೈಕ್ರೋಬಯಾಲಜಿಸ್ಟ್:
ಬಣ್ಣವೊಂದನ್ನೇ ನೋಡಿ ಅದನ್ನು ಬೇರೆ ಮಾಡಲು ಆಗುವುದಿಲ್ಲ. ಸ್ಪೋರ್ ಇದ್ದ ಕಡೆ ಕಡ್ಡಿ ಉಬ್ಬಿತ್ತೇ ಎಂದು ನೆನಪಿಸಿಕೊಳ್ಳಿ. ಟೆಟನಸ್‌ನ ಕ್ಲಾಸ್ಟ್ರಿಡಿಯಂ ಟೆಟನಿಯಲ್ಲಿ ಸ್ಪೋರ್ ಒಂದು ತುದಿಯಲ್ಲಿ ಗುಂಡಾಗಿ ಉಬ್ಬಿ, ಡೋಲು ಬಡಿಯುವ ಕೋಲಿನಂತೆ ಕಾಣುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್, ಸೀರಿಯಸ್, ಆಂಥ್ರಾಸಿಸ್‌ಗಳಲ್ಲಿ ಕಡ್ಡಿಯ ಅಗಲ ಹೆಚ್ಚುವುದಿಲ್ಲ. ಇನ್ನೊಂದು ಸುಳಿವು ಪ್ಲೇಟ್‌ನಲ್ಲಿತ್ತು: ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲಿ ಗಾಳಿಯಲ್ಲೇ ಬೆಳೆದ ಕಲ್ಚರ್ ಕೊಟ್ಟಿದ್ದರೆ ಬ್ಯಾಸಿಲಸ್ ಎಂದೇ ಬರೆಯಬಹುದು. ಆಮ್ಲಜನಕವಿಲ್ಲದ ಜಾರ್‌ನಿಂದ ತೆಗೆದದ್ದಾಗಿದ್ದರೆ ನಿಮ್ಮ ಸಂದೇಹಕ್ಕೆ ಬಲ ಬರುತ್ತಿತ್ತು. ಕಲ್ಚರ್ ಹೇಗೆ ಬೆಳೆದದ್ದು ಎಂದು ಪರೀಕ್ಷಕರು ನಿಮಗೆ ಹೇಳಿದ್ದರೇ?

ವಿದ್ಯಾರ್ಥಿನಿ:
ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಉಬ್ಬಿದ್ದ ನೆನಪಿಲ್ಲ. ಕಡ್ಡಿಗಳು ಮಾತ್ರ ಸಾಲಾಗಿಯೇ ಇದ್ದವು, ಒಂದೇ ಸಾಲಿನಲ್ಲಿ ಎರಡೂ ಬಣ್ಣ ಕಂಡಿದ್ದೂ ನಿಜ.