ಐದನೇ ಕ್ಲಾಸಿನ ತರಕಾರಿ ಮಡಿ: ಟೀಚರ್ ಪತ್ರ, ಪೋಷಕರ ಪ್ರಶ್ನೆ, ತೋಟಗಾರಿಕೆಯವರ ಉತ್ತರ

ಟೀಚರ್: ಪೋಷಕರಿಗೆ ನಮಸ್ಕಾರ. ಶಾಲೆಯ ಹಿಂಭಾಗದಲ್ಲಿ ಈ ಜೂನ್‌ನಿಂದ ಮಕ್ಕಳೇ ತರಕಾರಿ ಬೆಳೆಯಲಿದ್ದಾರೆ. ನಾಲ್ಕು ಏರುಮಡಿ, ಒಂದೊಂದು ಹತ್ತಡಿ ಉದ್ದ, ಮೂರಡಿ ಅಗಲ. ಅದಕ್ಕಿಂತ ಅಗಲವಾದರೆ ಮಕ್ಕಳ ಕೈ ನಡುವಿಗೆ ಎಟುಕುವುದಿಲ್ಲ, ಮಡಿಯೊಳಗೆ ಕಾಲಿಟ್ಟು ಮಣ್ಣು ಗಟ್ಟಿ ಮಾಡಿಬಿಡುತ್ತಾರೆ. ಮೆಂತ್ಯ, ಮೂಲಂಗಿ, ಅಲಸಂದೆ, ಬೆಂಡೆ ಹಾಕುತ್ತೇವೆ. ಮೆಂತ್ಯ ತಿಂಗಳಿಗೆ ಕೈಗೆ ಬರುತ್ತದೆ, ಮೂಲಂಗಿ ಒಂದೂವರೆ ತಿಂಗಳಿಗೆ. ಬೆಂಡೆ ಆಗಸ್ಟ್‌ನಿಂದ ದಸರಾ ರಜೆಯ ತನಕ ಸಿಗುತ್ತದೆ. ಬೆಳೆದದ್ದು ಬಿಸಿಯೂಟದ ಸಾರಿಗೆ. ಪ್ರತಿ ಮಗು ಹತ್ತು ಬೀಜ ತರಬೇಕು, ಒಂದು ಹಳೇ ಬಟ್ಟೆ ತುಂಡು ತರಬೇಕು. ಅನುಮಾನ ಇದ್ದರೆ ಇಲ್ಲೇ ಕೇಳಿ. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಸರ್ ಗುಂಪಿನಲ್ಲಿದ್ದಾರೆ, ಉತ್ತರ ಕೊಡುತ್ತಾರೆ.

ಒಬ್ಬ ತಾಯಿ: ಟೊಮ್ಯಾಟೊ ಯಾಕೆ ಇಲ್ಲ ಸರ್? ಮಕ್ಕಳಿಗೆ ಅದೇ ಇಷ್ಟ.

ತೋಟಗಾರಿಕೆ ಸರ್: ಸಸಿ ಮಾಡಲು ಒಂದು ತಿಂಗಳು, ನೆಟ್ಟ ಮೇಲೆ ಇನ್ನೆರಡು ತಿಂಗಳಿಗೂ ಜಾಸ್ತಿ ಬೇಕು. ಹಣ್ಣು ಕೆಂಪಾಗುವ ಹೊತ್ತಿಗೆ ಶಾಲೆಗೆ ಬೀಗ. ಮಳೆಗಾಲದಲ್ಲಿ ಎಲೆರೋಗವೂ ಜಾಸ್ತಿ. ಮೊದಲ ವರ್ಷ ಬೇಡಮ್ಮ.

ಅಂಗಡಿ ಇಟ್ಟಿರುವ ತಂದೆ: ನಾನು ಪೇಟೆಯಿಂದ ಬೆಂಡೆ ಬೀಜದ ಪ್ಯಾಕೆಟ್ ತಂದಿದ್ದೀನಿ. ಬೀಜ ಎಲ್ಲ ಗುಲಾಬಿ ಬಣ್ಣ. ಇಡೀ ಕ್ಲಾಸಿಗೆ ಹಂಚಲಾ?

ತೋಟಗಾರಿಕೆ ಸರ್: ಹಂಚಬೇಡಿ. ದಯವಿಟ್ಟು ಆ ಪ್ಯಾಕೆಟ್ ಮಕ್ಕಳ ಕೈಗೆ ಕೊಡಬೇಡಿ.

ಅದು ಬೀಜದ ಬಣ್ಣ ಅಲ್ಲ. ಮಣ್ಣಿನಲ್ಲಿ ಬೂಷ್ಟು ಹಿಡಿದು ಕೊಳೆಯದಿರಲಿ ಅಂತ ಔಷಧಿ ಲೇಪಿಸಿರುತ್ತಾರೆ. ಸಾಮಾನ್ಯವಾಗಿ ಥೈರಮ್ ಇರುತ್ತದೆ. ಇದನ್ನು ತಿನ್ನಬಾರದು ಅಂತ ಗೊತ್ತಾಗಲಿ ಎಂದೇ ಬಣ್ಣ ಕಲಸಿರುತ್ತಾರೆ. ಪ್ಯಾಕೆಟ್ ತಿರುಗಿಸಿ ನೋಡಿ, ವಿಷ, ತಿನ್ನಲು ಬಳಸಬಾರದು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ರೈತರು ಬಿತ್ತುತ್ತಾರೆ, ಕೈ ತೊಳೀತಾರೆ, ಮುಗೀತು. ಹತ್ತು ವರ್ಷದ ಮಗು ಹಾಗಲ್ಲ. ಬೆಳಗ್ಗೆ ಬೀಜ ಜೇಬಿಗೆ ಹಾಕುತ್ತದೆ, ದಾರಿಯಲ್ಲಿ ಎಣಿಸುತ್ತದೆ, ಅದೇ ಜೇಬಿನಿಂದ ಕಡಲೆಕಾಯಿ ತೆಗೆದು ತಿನ್ನುತ್ತದೆ. ಬೆವರಿದ ಕೈಗೆ ಗುಲಾಬಿ ಬಣ್ಣ ಅಂಟಿರುತ್ತದೆ, ಅದೇ ಕೈಯಲ್ಲಿ ಕಣ್ಣು ಉಜ್ಜುತ್ತದೆ. ಕಣ್ಣು ಉರಿ, ಚರ್ಮಕ್ಕೆ ತುರಿಕೆ ಶುರುವಾಗುತ್ತದೆ. ನುಂಗಿದರೆ ಇನ್ನೂ ಕಷ್ಟ. ಹಾಗೇನಾದರೂ ಆದರೆ ಪ್ಯಾಕೆಟ್ ಸಮೇತ ಡಾಕ್ಟರ ಹತ್ತಿರ ಓಡಿ.

ಹಾಗಾದರೆ ಬೀಜ ಎಲ್ಲಿಂದ ಅಂತ ಕೇಳ್ತೀರಿ. ಮೆಂತ್ಯಕ್ಕೆ ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು, ಚೆನ್ನಾಗಿ ಹುಟ್ಟುತ್ತದೆ. ಅಲಸಂದೆಯೂ ಹಾಗೇ, ಹುಳ ಹಿಡಿಯದ ಕಾಳು ಆರಿಸಿ. ಬೆಂಡೆ ಮತ್ತು ಮೂಲಂಗಿಗೆ ಮಾತ್ರ ಹಿತ್ತಲಲ್ಲಿ ಬೀಜ ಬಿಟ್ಟುಕೊಂಡವರನ್ನು ಕೇಳಬೇಕು. ನಮ್ಮೂರಲ್ಲಿ ಬಿಳಿ ಬೆಂಡೆ ಬೀಜ ಇಟ್ಟಿರುವ ಅಜ್ಜಿಯರು ಇನ್ನೂ ಇದ್ದಾರೆ.

ಟೀಚರ್ ಬಟ್ಟೆ ತುಂಡು ಕೇಳಿದ್ದು ಇದಕ್ಕೇ. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು, ಆರದಂತೆ ನೋಡಿಕೊಳ್ಳಲಿ. ಐದಾರು ದಿನಕ್ಕೆ ಬಿಚ್ಚಿದಾಗ ಏಳು ಮೊಳೆತಿದ್ದರೆ ಬೀಜ ಒಳ್ಳೆಯದು. ಮೂರೇ ಮೊಳೆತರೆ ಹಳೇದು, ಬೇರೆ ಹುಡುಕಿ. ಬೆಂಡೆ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಕಳೆದ ವರ್ಷದ್ದೇ ಇರಲಿ. ಬಿತ್ತುವ ಹಿಂದಿನ ರಾತ್ರಿ ನೀರಲ್ಲಿ ನೆನೆಸಿ.

ಅಂಗಡಿ ಇಟ್ಟಿರುವ ತಂದೆ: ನಾಲ್ಕು ಸಲ ತೊಳೆದು ಒಣಗಿಸಿ ಕೊಟ್ಟರೆ?

ತೋಟಗಾರಿಕೆ ಸರ್: ಬಣ್ಣ ಹೋಗುತ್ತದೆ. ಔಷಧಿ ಪೂರ್ತಿ ಹೋಯಿತು ಅನ್ನೋದಕ್ಕೆ ಯಾವ ಖಾತ್ರಿಯೂ ಇಲ್ಲ. ಇದ್ದ ಗುರುತೂ ಅಳಿಸಿದ ಹಾಗಾಯಿತು. ತೊಳೆದದ್ದು ಇನ್ನೂ ಅಪಾಯ.

ಮೂರನೇ ಬೀದಿ ಅಕ್ಕ: ಸರ್ ಹೇಳಿದ್ದು ನಿಜ. ಹೋದ ವರ್ಷ ಬಿತ್ತಿ ಮಿಕ್ಕ ಬಣ್ಣದ ಮೆಕ್ಕೆಜೋಳ ನಮ್ಮ ಕೋಳಿಗೆ ಹಾಕಿದ್ವಿ. ವಾರಕ್ಕೆಲ್ಲ ಚಿಪ್ಪೇ ಇಲ್ಲದ ಮೊಟ್ಟೆ. ಮುಟ್ಟಿದರೆ ಬಲೂನಿನ ಹಾಗೆ ಮೆತ್ತಗೆ. ಸುಣ್ಣ ಕಮ್ಮಿ ಅಂತ ಸುಣ್ಣ ಹಾಕ್ತಾ ಕೂತಿದ್ದೆ.

ತೋಟಗಾರಿಕೆ ಸರ್: ಅಕ್ಕಾ, ಅದು ಥೈರಮ್‌ನಿಂದ ಆಗಿರಬಹುದು, ಅದು ಕೋಳಿಗೆ ಹೋದರೆ ಹೀಗೇ ಆಗುತ್ತದೆ. ಎಳೇ ಕೋಳಿಯಾದರೆ ಕಾಲೂ ಸೊಟ್ಟಗಾಗುತ್ತದೆ. ಮಿಕ್ಕ ಬೀಜ ಈಗಲೂ ಮನೆಯಲ್ಲಿದ್ದರೆ ಅಡುಗೆಮನೆಯಿಂದ ಮೊದಲು ಹೊರಗೆ ತೆಗೀರಿ.

ಅವಳಿ ಮಕ್ಕಳ ತಂದೆ: ಇಷ್ಟೆಲ್ಲ ತಾಪತ್ರಯ ಯಾಕೆ? ಮಕ್ಕಳನ್ನು ಓದೋಕೆ ಕಳಿಸೋದು, ಮಣ್ಣು ಕೆದಕೋಕಲ್ಲ. ಅದು ನಮ್ಮ ತಲೆಗೇ ಮುಗೀಲಿ.

ಮೂರನೇ ಬೀದಿ ಅಕ್ಕ: ನಿಮ್ಮ ಮಕ್ಕಳು ಬಿಸಿಯೂಟ ಉಣ್ಣಲ್ವಾ? ಬೆಳೆದವರ ಶ್ರಮ ತಿಳೀಬೇಡ್ವಾ?

ಅವಳಿ ಮಕ್ಕಳ ತಂದೆ: ನನಗೆ ಶ್ರಮ ಕಲಿಸೋಕೆ ಬರಬೇಡಿ. ಎರಡು ಎಕರೆ ನಾನೇ ಉಳ್ತೀನಿ. ಮಗನಿಗೆ ಭಿನ್ನರಾಶಿ ಬರಲ್ಲ, ಅದು ಕಲಿಸಿ ಅಂತಿದ್ದೀನಿ.

ಟೀಚರ್: ಅಣ್ಣಾ, ಮೂಲಂಗಿ ಮಡಿಯಲ್ಲಿ ಅದನ್ನೇ ಮಾಡೋದು. ಹತ್ತಡಿ ಸಾಲಿನಲ್ಲಿ ಗೇಣಿನ ಅರ್ಧಕ್ಕೊಂದು ಗಿಡ ಬಿಟ್ಟು ಉಳಿದದ್ದು ಕೀಳಬೇಕು. ಎಷ್ಟು ಉಳೀತು, ಎಷ್ಟು ಭಾಗ ಕಿತ್ತೆವು ಅಂತ ಅವನೇ ಬರೀತಾನೆ.

ಅವಳಿ ಮಕ್ಕಳ ತಂದೆ: ನೋಡೋಣ.

ಇನ್ನೊಬ್ಬ ತಾಯಿ: ಸರ್, ಟೊಮ್ಯಾಟೊ ಹಾಕಬಹುದಲ್ವಾ?

ತೋಟಗಾರಿಕೆ ಸರ್: ಮೇಲೆ ಹೇಳಿದ್ದೀನಿ.

ಒಬ್ಬ ಅಜ್ಜ: ಅಲಸಂದೆಗೆ ಕರಿ ಹೇನು ಬಂದೇ ಬರುತ್ತೆ. ಗುಂಪುಗಳಲ್ಲಿ ಬಂದಿದ್ದು ಕಳಿಸ್ತಿದ್ದೀನಿ: ಹೊಗೆಸೊಪ್ಪು ರಾತ್ರಿಯಿಡೀ ನೆನೆಸಿ, ಸೋಪು ಕಲಸಿ, ಮಕ್ಕಳ ಕೈಲೇ ಎರಚಿಸಿ. ನೂರಕ್ಕೆ ನೂರು ನೈಸರ್ಗಿಕ. ನಾನೂ ಚಿಕ್ಕಂದಿನಲ್ಲಿ ಮಾಡಿದ್ದೀನಿ.

ತೋಟಗಾರಿಕೆ ಸರ್: ಹೇನು ಸಾಯುತ್ತದೆ, ಅಷ್ಟು ನಿಜ. ಮಕ್ಕಳ ಕೈಲಿ ಎರಚಿಸಿ ಅಂದವರು ಯಾರು? ಹೊಗೆಸೊಪ್ಪಿನ ನಿಕೋಟಿನ್ ಒದ್ದೆ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಪಿರಿಯಾಪಟ್ಟಣ, ಹುಣಸೂರು ಹೊಗೆಸೊಪ್ಪಿನ ಸೀಮೆ. ಅಂಥ ಕಡೆ ಇಬ್ಬನಿ ಹಿಡಿದ ಎಲೆ ಕೊಯ್ದವರಿಗೆ ತಲೆಸುತ್ತು, ವಾಂತಿ ಆಗುವುದುಂಟು. ಅವರು ದೊಡ್ಡವರು. ಇಲ್ಲಿರೋದು ಇಪ್ಪತ್ತೈದು ಕೇಜಿ ಮಕ್ಕಳು. ನೈಸರ್ಗಿಕ ಅನ್ನೋ ಒಂದೇ ಮಾತಿಗೆ ಎಲ್ಲ ನಂಬಬೇಡಿ, ಹಾವಿನ ವಿಷವೂ ನೈಸರ್ಗಿಕವೇ.

ಹೇನು ಬಂದರೆ ಸುಲಭ. ಹೇನು ಮುತ್ತಿದ ಎಳೇ ತುದಿ ಚಿವುಟಿ ಮಣ್ಣಲ್ಲಿ ಹೂಳಿ. ಉಳಿದದ್ದಕ್ಕೆ ಬೆಳಗ್ಗೆ ನೀರನ್ನು ಜೋರಾಗಿ ಚಿಮ್ಮಿಸಿ, ಎರಡು ಮೂರು ದಿನ. ಗುಲಗಂಜಿ ಹುಳ ಕಂಡರೆ ಅದನ್ನು ಬಿಡಿ, ಹೇನು ತಿನ್ನೋದು ಅದೇ.

ಒಬ್ಬ ಅಜ್ಜ: ನಮಗೇನೂ ಆಗಲಿಲ್ಲವಲ್ಲ ಸ್ವಾಮಿ. ಓದಿದವರ ಭಯ ಜಾಸ್ತಿ.

ತೋಟಗಾರಿಕೆ ಸರ್: ನಿಮಗೆ ಆಗಲಿಲ್ಲ, ಸಂತೋಷ. ಆ ಸಂದೇಶ ಅಳಿಸಿ ಹಾಕಿ. ಯಾರಾದರೂ ಮನೆಯಲ್ಲಿ ಮಾಡಿ ಬಾಟಲಿಗೆ ತುಂಬಿಟ್ಟರೆ ಮಕ್ಕಳು ಟೀ ಅಂತ ಕುಡೀತಾರೆ.

ಡೈರಿ ತಂದೆ: ಹಸಿ ಸಗಣಿ ಬೇಕಾದಷ್ಟಿದೆ, ಟ್ರಾಲಿ ಕಳಿಸಲಾ?

ತೋಟಗಾರಿಕೆ ಸರ್: ಹಸಿ ಬೇಡ. ಬೇರು ಸುಡುತ್ತದೆ, ಮಕ್ಕಳ ಕೈಗೂ ಒಳ್ಳೆಯದಲ್ಲ. ಆರು ತಿಂಗಳು ಕಳಿತ ತಿಪ್ಪೆ ಗೊಬ್ಬರ ಇದ್ದರೆ ಮಡಿಗೆ ಎರಡು ಬುಟ್ಟಿ ಸಾಕು. ಹಿಡಿ ತುಂಬ ಎತ್ತಿದರೆ ವಾಸನೆ ಇರಬಾರದು, ಪುಡಿ ಪುಡಿಯಾಗಬೇಕು.

ಡೈರಿ ತಂದೆ: ಎಂಟು ಬುಟ್ಟಿ ಇದೆ ಸರ್. ಶುಕ್ರವಾರ ತರ್ತೀನಿ.

ನಾಲ್ಕನೇ ಕ್ಲಾಸಿನ ತಂದೆ: ದಸರಾ ರಜೆಯಲ್ಲಿ ನೀರು ಯಾರು ಹಾಕ್ತಾರೆ? ಬೋರ್ ಕೀಲಿ ಯಾರ ಹತ್ತಿರ?

ಮತ್ತೊಬ್ಬ ತಾಯಿ: ಟೊಮ್ಯಾಟೊ ಸಸಿ ನಮ್ಮನೇಲಿ ಇದೆ, ಕಳಿಸಲಾ?

ತೋಟಗಾರಿಕೆ ಸರ್: ಬೇಡ. ಬೇಡ. ಮೇಲೆ ಓದಿ.

ಮತ್ತೊಬ್ಬ ತಾಯಿ: ಕೇಳಿದ್ದಕ್ಕೆ ಹೀಗಾ ಸರ್.

ಅಂಗಡಿ ಇಟ್ಟಿರುವ ತಂದೆ: ಗುಲಾಬಿ ಬೀಜದ ಪ್ಯಾಕೆಟ್ ಅಂಗಡಿಗೆ ವಾಪಸ್ ಕೊಡೋಕೆ ಹೋಗಿದ್ದೆ. ಒಡೆದ ಪ್ಯಾಕೆಟ್ ತಗೊಳ್ಳಲ್ಲ ಅಂದ್ರು. ನಮ್ಮ ಹೊಲದಲ್ಲೇ ನಾನು ಬಿತ್ತುತ್ತೀನಿ. ಮಗಳು ಅಜ್ಜಿ ಮನೆಗೆ ಬಿಳಿ ಬೆಂಡೆ ಬೀಜ ತರಲು ಹೋಗಿದ್ದಾಳೆ.

ಟೀಚರ್: ಶನಿವಾರ ಬೆಳಗ್ಗೆ ಬೀಜ, ಬಟ್ಟೆ ತುಂಡು ಎರಡೂ ಕಳಿಸಿ. ಪೇಟೆ ಪ್ಯಾಕೆಟ್ ಯಾರೂ ಕಳಿಸಬೇಡಿ.

ನಾಲ್ಕನೇ ಕ್ಲಾಸಿನ ತಂದೆ: ನೀರಿನ ವಿಷಯ ಯಾರೂ ಹೇಳಲಿಲ್ಲ?